ನಿಂತು ನೋಡಿದವರೆಷ್ಟು, ತಳ್ಳಿ ಹೋದವರೆಷ್ಟು: ಶಾರ್ಟ್ಸ್ ಲೆಕ್ಕ ಓದುವ ಬಗೆ

ಬಳ್ಳಾರಿಯ ಬಟ್ಟೆ ಅಂಗಡಿ, ಜೀನ್ಸ್ ಘಟಕಗಳಿಗೆ ಶಾರ್ಟ್ಸ್ ಮಾಡಿಕೊಡುವ ನಮ್ಮ ಕೆಲಸದಲ್ಲಿ ಮಾಲೀಕರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ‘ವ್ಯೂಸ್ ಎಷ್ಟ್ ಬಂದಾವ್ರಿ?’ ಈ ಪ್ರಶ್ನೆಗೆ ಸಿಗುವ ಉತ್ತರದಿಂದ ಈಗ ಹೆಚ್ಚೇನೂ ತಿಳಿಯುವುದಿಲ್ಲ. 2025ರ ಮಾರ್ಚ್ 31ರಿಂದ ಯೂಟ್ಯೂಬಿನಲ್ಲಿ ಶಾರ್ಟ್ ಓಡಲು ಶುರುವಾದರೆ ಸಾಕು, ಒಂದು ವ್ಯೂ. ಮುಗಿದು ಮತ್ತೆ ಓಡಿದರೆ ಇನ್ನೊಂದು. ಕಣ್ಣಿಗೆ ಬಿದ್ದ ಕೂಡಲೇ ಬೆರಳಿನಿಂದ ಮೇಲೆ ತಳ್ಳಿದವರೂ ಆ ಸಂಖ್ಯೆಯಲ್ಲಿ ಸೇರಿರುತ್ತಾರೆ. ಸ್ವಲ್ಪ ಹೊತ್ತಾದರೂ ನೋಡಿದ್ದನ್ನು ಮಾತ್ರ ಹಿಡಿಯುವ ಹಳೆಯ ರೀತಿಯ ಎಣಿಕೆ ಈಗ `Engaged views` ಎಂಬ ಹೆಸರಿನಲ್ಲಿ ಪ್ರತ್ಯೇಕವಾಗಿದೆ.

ವಿಡಿಯೊದ ಬಾಗಿಲಲ್ಲೇ ಜನ ನಿಂತರೋ ಹೊರಟರೋ ಎಂಬುದು ಗೊತ್ತಾಗುವುದು ಬೇರೆ ಕಡೆ. ಯೂಟ್ಯೂಬ್ ಸ್ಟುಡಿಯೊದಲ್ಲಿ ಆ ಶಾರ್ಟ್ ತೆರೆದು ಅನಾಲಿಟಿಕ್ಸ್‌ಗೆ ಹೋದರೆ `Viewed vs. swiped away` ಎಂಬ ಪಟ್ಟಿ ಕಾಣುತ್ತದೆ. ಕೆಲವು ಕಡೆ `Stayed to watch` ಎಂದಿರುತ್ತದೆ. ಅದರ ಜೊತೆಗೆ ನೋಡಲೇಬೇಕಾದದ್ದು `Shown in feed`, ಅಂದರೆ ಶಾರ್ಟ್ಸ್ ಫೀಡಿನಲ್ಲಿ ಎಷ್ಟು ಬಾರಿ ಎದುರಿಗೆ ಬಂತು ಎಂಬ ಸಂಖ್ಯೆ. ನಿಂತು ನೋಡಿದವರ ಈ ಪಾಲು ಫೀಡಿನದು ಮಾತ್ರ. ವಾಟ್ಸಾಪ್ ಗುಂಪಿಗೆ ಲಿಂಕ್ ಹಾಕಿ ‘ಎಲ್ಲರೂ ನೋಡ್ರಿ’ ಅಂದರೆ ವ್ಯೂಸ್ ಏರಬಹುದು, ಈ ಪಾಲು ಕದಲುವುದಿಲ್ಲ. ಹಾಗಾಗಿಯೇ ಇದನ್ನು ನಂಬಬಹುದು.

ಒಂದು ಉದಾಹರಣೆ ಹಿಡಿದು ನೋಡೋಣ. ಅಂಕಿಗಳನ್ನು ಲೆಕ್ಕ ಸುಲಭವಾಗಲೆಂದು ಇಟ್ಟಿದ್ದೇವೆ. ಜೀನ್ಸ್ ಘಟಕದ 30 ಸೆಕೆಂಡಿನ ಶಾರ್ಟ್. ಹೊಸ ಪ್ಯಾಂಟಿನ ತೊಡೆಯ ಭಾಗಕ್ಕೆ ಸ್ಯಾಂಡ್‌ಪೇಪರ್ ಉಜ್ಜಿ ಬಣ್ಣ ತೆಳುವಾಗಿಸುವ ಕೆಲಸವೇ ಅದರ ಜೀವಾಳ. ಆದರೆ ವಿಡಿಯೊ ಶುರುವಾಗುವುದು ಅಂಗಡಿಯ ಬೋರ್ಡಿನಿಂದ. ಆಮೇಲೆ ‘ನಮಸ್ಕಾರ ಸ್ನೇಹಿತರೇ, ನಮ್ಮ ಚಾನೆಲ್‌ಗೆ ಸ್ವಾಗತ’. ಸ್ಯಾಂಡ್‌ಪೇಪರ್ ಕಾಣುವ ಹೊತ್ತಿಗೆ 4 ಸೆಕೆಂಡ್ ಕಳೆದಿರುತ್ತದೆ. ಫೀಡಿನಲ್ಲಿ 5,000 ಬಾರಿ ತೋರಿಸಿದೆ, ನಿಂತು ನೋಡಿದ್ದು 2,900, ತಳ್ಳಿ ಹೋದದ್ದು 2,100. ಅಂದರೆ ನೂರಕ್ಕೆ 58 ನಿಂತರು, 42 ತಳ್ಳಿದರು.

ಈ 42ರಲ್ಲಿ ಬಹುಪಾಲು ಜನ ಸ್ಯಾಂಡ್‌ಪೇಪರ್ ಕೆಲಸವನ್ನು ನೋಡಿಯೇ ಇಲ್ಲ. ಅವರು ಬೇಡವೆಂದದ್ದು ಬೋರ್ಡನ್ನು. ಈ ಪಾಲನ್ನು ಇಡೀ ವಿಡಿಯೊಗೆ ಸಿಕ್ಕ ಮಾರ್ಕ್ಸ್ ಎಂದು ಓದಿದರೆ ಎಡವುತ್ತೀರಿ. ಅದು ಮೊದಲ ಚೌಕಟ್ಟು, ಮೊದಲ ಶಬ್ದ, ಮೊದಲ ಒಂದೆರಡು ಸೆಕೆಂಡಿನ ಚಲನೆಯ ಬಗ್ಗೆ ಮಾತ್ರ ಹೇಳುತ್ತದೆ. ಆದ್ದರಿಂದ ರಿಪೇರಿಯೂ ಅಲ್ಲೇ ಆಗಬೇಕು: ನೀಲಿ ಬಟ್ಟೆಯ ಮೇಲೆ ಕೈ ಆಗಲೇ ಆಡುತ್ತಿರುವ ಹತ್ತಿರದ ಶಾಟ್, ಉಜ್ಜುವ ಸದ್ದು ಮೊದಲ ಕ್ಷಣದಿಂದಲೇ, ‘ಹೊಸ ಪ್ಯಾಂಟು ಹಳೇದು ಕಾಣೋದು ಹಿಂಗೆ’ ಎಂಬ ಒಂದೇ ಸಾಲು. ಆ ಸಾಲು ಪರದೆಯ ನಡುವಿಗಿಂತ ಸ್ವಲ್ಪ ಮೇಲಿರಲಿ. ಕೆಳಗೆ ಶೀರ್ಷಿಕೆ, ಬಲಗಡೆ ಲೈಕ್-ಕಾಮೆಂಟ್ ಬಟನ್‌ಗಳು ಬಂದು ಕೂರುತ್ತವೆ. ಅಲ್ಲಿ ಬರೆದರೆ ಅರ್ಧ ಅಕ್ಷರ ಮುಚ್ಚಿಹೋಗುತ್ತವೆ. ಬೋರ್ಡನ್ನು ಕೊನೆಯ 2 ಸೆಕೆಂಡಿಗೆ ಕಳಿಸಿ.

ಹಾಕಿದ ಶಾರ್ಟಿನ ಫೈಲ್ ತೆಗೆದು ಅದೇ ಜಾಗದಲ್ಲಿ ಬೇರೆ ಫೈಲ್ ಕೂರಿಸಲು ಬರುವುದಿಲ್ಲ. ಆ ಪಾಠವನ್ನು ಮುಂದಿನ ವಿಡಿಯೊಗೆ ಹಚ್ಚಬೇಕು. ವಿಷಯದ ಬಗೆ, ಉದ್ದ ಹಾಗೇ ಇರಲಿ, ಆರಂಭ ಮಾತ್ರ ಬದಲಾಗಲಿ. ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಮುಂದಿನದರಲ್ಲಿ 5,000ಕ್ಕೆ 3,550 ಜನ ನಿಂತರೆ ಪಾಲು 71. ಅಷ್ಟೇ ಫೀಡಿನಲ್ಲಿ 650 ಜನ ಹೆಚ್ಚು ಒಳಗೆ ಬಂದಂತಾಯಿತು.

ಹಾಗಾದರೆ ಆರೋಗ್ಯಕರ ಪಾಲು ಎಷ್ಟು? ಇಷ್ಟಿರಲೇಬೇಕು ಎಂಬ ಗೆರೆಯನ್ನು ಯೂಟ್ಯೂಬ್ ಎಳೆದುಕೊಟ್ಟಿಲ್ಲ. ಈ ಕೆಲಸದಲ್ಲಿರುವವರು ಇಟ್ಟುಕೊಳ್ಳುವ ಅಂದಾಜು ಹೀಗಿದೆ: ನಿಂತವರು 70ಕ್ಕಿಂತ ಮೇಲಿದ್ದರೆ ಆರಂಭ ಗಟ್ಟಿ, 60ರಿಂದ 70 ಇದ್ದರೆ ನಡೆಯುತ್ತದೆ, 60ಕ್ಕಿಂತ ಕೆಳಗೆ ಮತ್ತೆ ಮತ್ತೆ ಬರುತ್ತಿದ್ದರೆ ಮೊದಲ ಶಾಟನ್ನೇ ಬದಲಿಸಬೇಕು. ಇದಕ್ಕಿಂತ ನಿಜವಾದ ಅಳತೆ ನಿಮ್ಮದೇ ಚಾನೆಲ್ಲಿನದು. ಒಂದೇ ಬಗೆಯ, ಹೆಚ್ಚುಕಡಿಮೆ ಒಂದೇ ಉದ್ದದ ಹತ್ತಿಪ್ಪತ್ತು ಶಾರ್ಟ್‌ಗಳ ಪಾಲನ್ನು ಏರಿಕೆಯ ಕ್ರಮದಲ್ಲಿ ಬರೆದು ನಡುವಿನದನ್ನು ಹಿಡಿಯಿರಿ. ಅದು 64 ಇದ್ದರೆ 69 ಬಂದ ವಿಡಿಯೊ ನಿಮಗೆ ಒಳ್ಳೆಯದೇ, ಬೇರೆಯವರ 80 ನೋಡಿ ಕೊರಗಬೇಕಿಲ್ಲ. ಇನ್‌ಸ್ಟಾಗ್ರಾಂ ರೀಲ್ಸಿನ `Skip rate` ಜೊತೆಗಂತೂ ಹೋಲಿಸಲೇಬೇಡಿ. ಅದು ಮೊದಲ 3 ಸೆಕೆಂಡಿನೊಳಗೆ ಬಿಟ್ಟುಹೋದವರ ಲೆಕ್ಕ, ಅಳತೆಯೇ ಬೇರೆ.

ಬೆಳಿಗ್ಗೆ ಹಾಕಿ ಮಧ್ಯಾಹ್ನವೇ ತೀರ್ಪು ಕೊಡುವ ಅಭ್ಯಾಸ ಬಹಳ ಜನರಿಗಿದೆ. ಫೀಡಿನಲ್ಲಿ 100 ಬಾರಿ ಮಾತ್ರ ತೋರಿಸಿದಾಗ 60 ಎಂದು ಕಂಡರೆ, ಬರೀ ಅದೃಷ್ಟದಿಂದಲೇ ಅದು 50 ಕೂಡ ಆಗಿರಬಹುದು, 70 ಕೂಡ. 1,000 ಬಾರಿ ಆದಾಗ ಈ ಅಲುಗಾಟ ಸುಮಾರು 3 ಅಂಕ ಅತ್ತಿತ್ತಕ್ಕೆ ಇಳಿಯುತ್ತದೆ. `Shown in feed` ಸಾವಿರ ದಾಟುವ ತನಕ ನಾವು ಮಾಲೀಕರಿಗೆ ಈ ಸಂಖ್ಯೆ ಹೇಳುವುದಿಲ್ಲ. ಎರಡು ವಿಡಿಯೊಗಳ ನಡುವೆ 2 ಅಂಕದ ವ್ಯತ್ಯಾಸವಿದ್ದರೆ ಅದನ್ನು ವ್ಯತ್ಯಾಸವೆಂದೇ ಎಣಿಸುವುದಿಲ್ಲ.

ಪಾಲು ಇಳಿದರೆ ಯಾವಾಗಲೂ ಕೆಟ್ಟದ್ದೇ ಅಂತೇನಿಲ್ಲ. ವಿಡಿಯೊ ಹರಡಿದಂತೆ, ನಿಮ್ಮ ಬಗೆಯ ವಿಷಯದಲ್ಲಿ ಅಷ್ಟು ಆಸಕ್ತಿ ಇಲ್ಲದವರ ಫೀಡಿಗೂ ಅದು ಹೋಗುತ್ತದೆ, ಅವರು ಹೆಚ್ಚು ತಳ್ಳುತ್ತಾರೆ. 2,000 ಬಾರಿ ತೋರಿಸಿದಾಗ 74 ಇದ್ದದ್ದು 60,000ಕ್ಕೆ 66 ಆಗಿದ್ದರೆ ವಿಡಿಯೊ ಹಾಳಾಗಿಲ್ಲ, ನೋಡುಗರ ಗುಂಪು ಬದಲಾಗಿದೆ. ಆದ್ದರಿಂದ 2,000ದ ವಿಡಿಯೊವನ್ನು 60,000ದ ವಿಡಿಯೊ ಪಕ್ಕ ಇಟ್ಟು ತೂಗುವುದು ನ್ಯಾಯವಲ್ಲ.

ಇನ್ನು ಉಲ್ಟಾ ಕಾಯಿಲೆ. ಪಾಲು 82, ಆದರೂ ವಿಡಿಯೊ ಓಡುತ್ತಿಲ್ಲ. ಆಗ ಯಾವ ಸೆಕೆಂಡಿಗೆ ಎಷ್ಟು ಜನ ಉಳಿದಿದ್ದರೆಂದು ತೋರಿಸುವ ರಿಟೆನ್ಷನ್ ಗೆರೆ ತೆಗೆದು ನೋಡಿ. 3ನೇ ಸೆಕೆಂಡಿನಿಂದ 7ರೊಳಗೆ ಗೆರೆ ಕಡಿದಾಗಿ ಬಿದ್ದಿದ್ದರೆ, ಮೊದಲ ಶಾಟ್ ಕೊಟ್ಟ ಮಾತನ್ನು ಮುಂದಿನ ಶಾಟ್ ಉಳಿಸಿಕೊಂಡಿಲ್ಲ ಎಂದರ್ಥ. ಜೀನ್ಸ್ ಉಜ್ಜುವುದನ್ನು ತೋರಿಸಿ ನಿಲ್ಲಿಸಿ, ತಕ್ಷಣ ಅಂಗಡಿಯ ರಿಯಾಯಿತಿ ಹೇಳಿದರೆ ಹೀಗೇ ಆಗುತ್ತದೆ. ಆರಂಭವನ್ನು ಇನ್ನಷ್ಟು ಚುರುಕು ಮಾಡಿದರೆ ಇದು ಸರಿಹೋಗದು. ಉಜ್ಜಿದ ಪ್ಯಾಂಟು ಕೊನೆಗೆ ಹೇಗಾಯಿತೆಂದು ತೋರಿಸುವ ತನಕ ಆಫರ್ ಮಾತು ಬರಬಾರದು. ಸರಾಸರಿ ಎಷ್ಟು ಶೇಕಡಾ ನೋಡಿದರು ಎಂಬ ಸಂಖ್ಯೆ 100 ದಾಟಿದ್ದರೆ ಗಾಬರಿ ಬೇಡ, ಜನ ಮತ್ತೆ ಮತ್ತೆ ನೋಡಿದ್ದಾರೆ.

ನಮ್ಮ ಭಾಗದಲ್ಲಿ ಭಾಷೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬಳ್ಳಾರಿ, ರಾಯಚೂರಿನಲ್ಲಿ ಮನೆಯಲ್ಲಿ ತೆಲುಗು, ಉರ್ದು ಆಡುವವರು ಬಹಳ ಮಂದಿ. ಮಾತಿನಿಂದ ಶುರುವಾಗುವ ಶಾರ್ಟನ್ನು ಕನ್ನಡ ಅಷ್ಟಾಗಿ ಬಾರದವರು ಮೊದಲ ಪದಕ್ಕೇ ತಳ್ಳಬಹುದು. ಸ್ಯಾಂಡ್‌ಪೇಪರ್ ಸದ್ದಿಗೆ ಭಾಷೆ ಬೇಕಿಲ್ಲ. ಸಗಟು ಮಾರುವ ಘಟಕಕ್ಕೆ ದೂರದ ಗಿರಾಕಿಯೂ ಬೇಕು, ಅದಕ್ಕೆ ಮಾತಿಲ್ಲದ ಆರಂಭವೇ ಸರಿ. ಆದರೆ ಊರೊಳಗಿನ ಗಿರಾಕಿಯನ್ನಷ್ಟೇ ನಂಬಿದ ಚಿಲ್ಲರೆ ಅಂಗಡಿಗೆ ‘ಬಳ್ಳಾರಿ ಮಂದಿ, ಇದನ್ನ ನೋಡ್ರಿ’ ಎಂದು ಶುರುಮಾಡಿ 61 ಪಡೆಯುವುದೇ ಲೇಸು. ಅಲ್ಲಿ ತಳ್ಳಿ ಹೋದವರಲ್ಲಿ ಹೆಚ್ಚಿನವರು ಹೇಗಿದ್ದರೂ ಆ ಅಂಗಡಿಯ ಮೆಟ್ಟಿಲು ಹತ್ತುವವರಲ್ಲ.