ಏರ್ ವೇ ಬಿಲ್ ಕನ್ನಡ ಹಾಳೆ, ಕಂತು 4: ಪುರಿ ಮೂಟೆಯೂ ಉಬ್ಬಿದ ಡಬ್ಬವೂ

ಹಾಳೆಯ ನಾಲ್ಕನೇ ಪ್ರತಿಯೂ ರದ್ದಿಗೆ ಹೋಯಿತು. ಹೊಸದಾಗಿ ಓದುವವರಿಗೆ ಒಂದೇ ಮಾತು: ಚನ್ನಪಟ್ಟಣದ ಬೊಂಬೆಗಳನ್ನು ಹೊರದೇಶಕ್ಕೆ ಕಳಿಸುವ ನನ್ನ ಸ್ನೇಹಿತರೊಬ್ಬರಿದ್ದಾರೆ, ನನಗೆ ಅಣ್ಣನ ಥರ. ವಿಮಾನದಲ್ಲಿ ಕಳಿಸುವ ಮಾಲಿಗೆ ಕೊಡುವ ಏರ್ ವೇ ಬಿಲ್ ಅನ್ನೋ ಕಾಗದದ ಪ್ರತಿ ಚೌಕದಲ್ಲಿ ಏನಿದೆ ಅಂತ ಕನ್ನಡದಲ್ಲಿ ಹೇಳುವ ದೊಡ್ಡ ಹಾಳೆಯೊಂದನ್ನು ಅವರ ಅಂಗಡಿ ಗೋಡೆಗೆ ಅಂಟಿಸಬೇಕು ಅನ್ನೋದು ನನ್ನ ಭಾನುವಾರಗಳ ಕೆಲಸ. ಹಿಂದೆ ಕಾರ್ಗೋ ಏಜೆಂಟರ ಆಫೀಸಿನಲ್ಲಿ ಈ ಬಿಲ್ಲುಗಳನ್ನೇ ಟೈಪ್ ಮಾಡುತ್ತಿದ್ದೆ. ಕೆಲಸ ಬಿಟ್ಟರೂ ಚಟ ಬಿಟ್ಟಿಲ್ಲ.

ಶಿಪ್ಪರ್, ಏರ್‌ಪೋರ್ಟ್, ರೂಟಿಂಗ್, ಕರೆನ್ಸಿ ಎಲ್ಲ ಒಂದೇ ದಿನಕ್ಕೆ ಮುಗಿದವು. ಸತಾಯಿಸಿದ್ದು ಎರಡೇ ಚೌಕ.

ಮೊದಲನೆಯದು ಚಾರ್ಜೆಬಲ್ ವೇಟ್. ಇದಕ್ಕೆ ಕನ್ನಡದಲ್ಲಿ ಏನು ಬರೆಯಲಿ ಅಂತಲೇ ಎರಡು ವಾರ ಹೋಯಿತು. 'ದರ ಹಾಕುವ ತೂಕ' ಅಂತ ಬರೆದೆ. ಅಣ್ಣ ಓದಿ, "ತೂಕಕ್ಕೇ ತಾನೆ ದರ ಹಾಕೋದು, ಇದರಲ್ಲಿ ಏನು ವಿಶೇಷ?" ಅಂದರು. ಸರಿ, ಪುರಿ ಮೂಟೆ ಹಿಡಿದೆ. ಗೂಡ್ಸ್ ಆಟೋದಲ್ಲಿ ಒಂದು ಅಕ್ಕಿ ಮೂಟೆ ಹಾಕಿ, ಪಕ್ಕದಲ್ಲಿ ಅಷ್ಟೇ ದೊಡ್ಡ ಪುರಿ ಮೂಟೆ ಹಾಕಿ. ಪುರಿ ಹಗುರ, ಆದರೆ ಜಾಗ ತಿನ್ನುತ್ತೆ. ಆಟೋದವನು ಪುರಿಗೆ ತೂಕದ ಲೆಕ್ಕದಲ್ಲಿ ಬಾಡಿಗೆ ತಗೊಂಡರೆ ಅವನ ಡೀಸೆಲ್ಲಿಗೂ ಸಾಲದು. ವಿಮಾನದವರದೂ ಅದೇ ಕಥೆ. ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ರಿಂದ ಭಾಗಿಸುತ್ತಾರೆ. ಬಂದದ್ದು ಜಾಗದ ತೂಕ. ಅದೂ ತಕ್ಕಡಿ ತೂಕವೂ ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದರ. "ಹಾಗಂದ್ರೆ ನನ್ನ ಬೊಂಬೆ ಪುರಿನಾ?" ಅಂದರು ಅಣ್ಣ. ಹೌದು, ಪುರಿಯೇ. (ನಮ್ಮ ದಾವಣಗೆರೆ ಕಡೆ ಮಂಡಕ್ಕಿ ಅಂತೀವಿ, ಆ ಜಗಳ ಇನ್ನೊಂದು ದಿನ.)

ಅವರ ಮಾಲು ಫ್ರಾಂಕ್‌ಫರ್ಟಿಗೆ. ಮೊದಲಿನ ಡಬ್ಬಗಳು 60, 45, 40 ಸೆಂಟಿಮೀಟರಿನವು. ಒಂದೊಂದು 18 ಕೆಜಿ ಜಾಗದ ತೂಕ, ಎಂಟಕ್ಕೆ 144. ತಕ್ಕಡಿಯಲ್ಲಿ ನೋಡಿದರೆ ಎಂಟೂ ಸೇರಿ 90 ಕೆಜಿ ಇಲ್ಲ. ಹಾಗಾಗಿ ಬಳೆ ಜೋಡಿಸುವ ಬೊಂಬೆಗಳ ಕಡ್ಡಿಗಳನ್ನು ಬಿಚ್ಚಿ, ಒಂದರೊಳಗೊಂದು ಕೂರಿಸಿ, 55, 40, 32ರ ಡಬ್ಬಕ್ಕೆ ಇಳಿಸಿದೆವು. ನನ್ನ ಎಕ್ಸೆಲ್ 96 ಅಂದಿತು. ತಕ್ಕಡಿ ತೂಕ 87.5. ಪುರಿಗೂ ಅಕ್ಕಿಗೂ ಹತ್ತಿರ ಹತ್ತಿರ ಬಂತು ಅಂತ ಕಾಫಿ ಕುಡಿದೆವು.

ಇಲ್ಲೊಂದು ಮಜಾ ಇದೆ. ಏಜೆಂಟ್ ಕೊಟ್ಟ ದರ 45 ಕೆಜಿ ಮೇಲಿದ್ದರೆ ಕೆಜಿಗೆ ₹210, 100 ಮುಟ್ಟಿದರೆ ₹180. 96 ಕೆಜಿಗೆ 210ರಂತೆ 20,160. ಅದನ್ನೇ 100 ಕೆಜಿ ಅಂತ ಬರೆಸಿದರೆ 18,000. ಇಲ್ಲದ ನಾಲ್ಕು ಕೆಜಿಗೆ ದುಡ್ಡು ಕೊಟ್ಟು 2,160 ಉಳಿಸಬಹುದು. ಇದು ಕಳ್ಳಲೆಕ್ಕ ಅಲ್ಲ, ದರಪಟ್ಟಿಯಲ್ಲೇ ಇರುವ ದಾರಿ. ರೇಟ್ ಕ್ಲಾಸ್ ಚೌಕದಲ್ಲಿ ಇಂಗ್ಲಿಷಿನ ಕ್ಯೂ ಅಕ್ಷರ, ಚಾರ್ಜೆಬಲ್ ವೇಟಿನಲ್ಲಿ 100 ಬರುತ್ತದೆ. ಪಕ್ಕದ ಗ್ರಾಸ್ ವೇಟಿನಲ್ಲಿ ಮಾತ್ರ 87.5 ಹಾಗೇ ಇರಬೇಕು. ಪ್ಯಾಕಿಂಗ್ ಲಿಸ್ಟಿಗೂ ಕಸ್ಟಮ್ಸಿಗೆ ಕೊಡುವ ಶಿಪ್ಪಿಂಗ್ ಬಿಲ್ಲಿಗೂ ತಾಳೆ ನೋಡೋದು ಗ್ರಾಸನ್ನೇ ಹೊರತು ಚಾರ್ಜೆಬಲ್ಲನ್ನಲ್ಲ.

ಹಾಳೆಯಲ್ಲಿ 100 ಅಂತ ಹೆಮ್ಮೆಯಿಂದ ಬರೆದೆ. ಏರ್ ವೇ ಬಿಲ್ಲಿನಲ್ಲಿ ಬಂದದ್ದು 109.

ರಾತ್ರಿ ಹತ್ತಕ್ಕೆ ಅಣ್ಣನ ಫೋನು. "ಏನ್ ಸ್ವಾಮಿ, ನಿಮ್ಮ ಹಾಳೆಗೂ ಅವರ ಬಿಲ್ಲಿಗೂ ಒಂಬತ್ತು ಕೆಜಿ ವ್ಯತ್ಯಾಸ. 1,620 ರೂಪಾಯಿ ಯಾರು ಕೊಡ್ತಾರೆ?" ನನಗೆ ಮೊದಲು ಅನುಮಾನ ಬಂದದ್ದು ನನ್ನ ಎಕ್ಸೆಲ್ ಮೇಲೆ. ನೋಡಿದರೆ ಅದರಲ್ಲೂ ಒಂದು ತಪ್ಪಿತ್ತು, ಆದರೆ ಬೇರೆ ತಪ್ಪು. ಪ್ರತಿ ಡಬ್ಬದ ಜಾಗದ ತೂಕವನ್ನು ಮೇಲಿನ ಅರ್ಧ ಕೆಜಿಗೆ ಏರಿಸಿ ಆಮೇಲೆ ಕೂಡಿದ್ದೆ. ಹಾಗೆ ಮಾಡಿದರೆ ಎಂಟು ಸಲ ಏರಿಸಿದ ಹಾಗಾಗುತ್ತೆ. ಪೂರ್ತಿ ಕೂಡಿದ ಮೇಲೆ ಒಂದೇ ಸಲ ಏರಿಸಬೇಕು. ಸರಿಯಾಗಿ ಏರಿಸಿದ್ದರೆ 96 ಅಲ್ಲ, 94 ಬರಬೇಕಿತ್ತು. ಈ ಸಲ ಎರಡು ದಾರಿಯಲ್ಲೂ ಉತ್ತರ 100 ಕೆಜಿಯೊಳಗೇ ಇತ್ತು, ಹಾಗಾಗಿ ಸಿಕ್ಕಿಬೀಳದೆ ಬಚಾವಾಗಿದ್ದೆ. ಸರಿ ಮಾಡಿದ ಸೂತ್ರ ಇದು. ಎ, ಬಿ, ಸಿ ಅಳತೆಗಳು, ಡಿ ಡಬ್ಬಗಳ ಸಂಖ್ಯೆ, ಇ ಒಟ್ಟು ಗ್ರಾಸ್:

```
=CEILING(MAX(E2, A2*B2*C2*D2/6000), 0.5)
```

ಆದರೂ 109 ಬರಲಿಲ್ಲ. ಮಾರನೇ ದಿನ ಅಂಗಡಿಗೆ ಹೋಗಿ, ಉಳಿದಿದ್ದ ಒಂದು ತುಂಬಿದ ಡಬ್ಬಕ್ಕೆ ಟೇಪು ಹಿಡಿದೆ. 57, 42, 34. ನನಗೆ ಕೊಟ್ಟಿದ್ದ 55, 40, 32 ಎಲ್ಲಿಂದ ಬಂತು ಅಂದರೆ, ಡಬ್ಬ ಮಾರುವವರ ಬಿಲ್ಲಿನಿಂದ! ಅದು ಖಾಲಿ ಡಬ್ಬದ ಒಳಗಿನ ಅಳತೆ. ಜೊತೆಗೆ ಐದು ಪದರ ಅಂತ ಹೇಳಿ ಮೂರು ಪದರದ್ದು ಕಳಿಸಿದ್ದಾರೆ. ತುಂಬಿದ ಮೇಲೆ ಬಸುರಿ ಹೊಟ್ಟೆಯ ಹಾಗೆ ಉಬ್ಬಿ ಕೂತಿದೆ. ಕಾರ್ಗೋ ಶೆಡ್ಡಿನಲ್ಲಿ ಅಳೆಯೋದು ಉಬ್ಬಿನ ತುದಿಯಿಂದ ತುದಿಗೆ. ಎಂಟು ಡಬ್ಬಕ್ಕೆ ಲೆಕ್ಕ ಹಾಕಿದರೆ 108.53, ಅರ್ಧಕ್ಕೆ ಏರಿಸಿದರೆ 109. ಶೆಡ್ಡಿನವರ ಲೆಕ್ಕ ಸರಿ. ಮೂರು ಕಡೆ ಎರಡೆರಡು ಸೆಂಟಿಮೀಟರಿಗೆ ಹದಿನೈದು ಕೆಜಿ ಹುಟ್ಟಿತು. ಡಬ್ಬದವರಿಗೆ ಫೋನ್ ಮಾಡಿದರೆ, "ನೀವು ಜಾಸ್ತಿ ತುಂಬಿದ್ದೀರಿ ಸಾರ್" ಅನ್ನಬೇಕೇ!

ನಡುವೆ ಒಂದು ಮಾತು, ಮರೆಯುವ ಮೊದಲು. ಮುಂದಿನ ಪ್ರಾಜೆಕ್ಟು ಬಿಲ್ ನಂಬರ್ ಪರೀಕ್ಷೆಯ ಪುಟ್ಟ ಪೆಟ್ಟಿಗೆ. ಮೊದಲ ಮೂರು ಅಂಕಿ ವಿಮಾನ ಕಂಪನಿಯದು, ಏರ್ ಇಂಡಿಯಾಗೆ 098. ಆಮೇಲಿನ ಎಂಟರಲ್ಲಿ ಮೊದಲ ಏಳನ್ನು 7ರಿಂದ ಭಾಗಿಸಿದರೆ ಉಳಿಯುವ ಶೇಷವೇ ಎಂಟನೇ ಅಂಕಿ. 1234567 ಆದರೆ ಶೇಷ 5. ಫೋನಿನಲ್ಲಿ ಅಂಕಿ ತಪ್ಪಿ ಬರೆದುಕೊಂಡರೆ ಸಾಮಾನ್ಯವಾಗಿ ಇಲ್ಲೇ ಸಿಕ್ಕಿಬೀಳುತ್ತೆ. ಮಗಳ ಹಳೇ ಕ್ಯಾಲ್ಕುಲೇಟರ್ ಬಿಚ್ಚಿ ಇಟ್ಟಿದ್ದೇನೆ, ಅವಳಿಗೆ ಇನ್ನೂ ಹೇಳಿಲ್ಲ.

ಎರಡನೇ ಚೌಕ ಕನ್‌ಸೈನಿ, ಅಂದರೆ ಮಾಲು ಯಾರ ಕೈಸೇರಬೇಕೋ ಅವರು. ಹಾಳೆಯಲ್ಲಿ ಸುಮ್ನೆ 'ಮಾಲು ಕೊಂಡವರು' ಅಂತ ಬರೆದಿದ್ದೆ. ಅಣ್ಣ ಒಂದು ಪ್ರಶ್ನೆ ಕೇಳಿದರು: "ಮೂವತ್ತು ಪರ್ಸೆಂಟ್ ಅಡ್ವಾನ್ಸ್ ಬಂದಿದೆ. ಉಳಿದದ್ದು ಬ್ಯಾಂಕಿಗೆ ಕಟ್ಟಿ ಕಾಗದ ಬಿಡಿಸಿಕೊಳ್ಳಬೇಕು ಅವರು. ಕಾಗದ ಬ್ಯಾಂಕಲ್ಲೇ ಇದ್ದರೆ ಮಾಲು ಸಿಗಲ್ಲ ತಾನೆ?"

ಸಿಗುತ್ತೆ. ಹಡಗಿನ ಬಿಲ್ ಆಫ್ ಲೇಡಿಂಗಿನ ಅಭ್ಯಾಸ ಇದ್ದವರು ಎಡವೋದು ಇಲ್ಲೇ. 'ಟು ಆರ್ಡರ್' ಅಂತ ಮಾಡಿಸಿದ ಹಡಗಿನ ಬಿಲ್ಲಿನ ಮೂಲ ಪ್ರತಿ ಕೈಯಲ್ಲಿದ್ದವನಿಗೇ ಮಾಲು. ಏರ್ ವೇ ಬಿಲ್ಲಿನ ತಲೆಯ ಮೇಲೇ 'ನಾಟ್ ನೆಗೋಷಿಯಬಲ್' ಅಂತ ಅಚ್ಚಾಗಿರುತ್ತೆ. ಕನ್‌ಸೈನಿ ಚೌಕದಲ್ಲಿ ಯಾರ ಹೆಸರಿದೆಯೋ ಅವರು ಗುರುತು ತೋರಿಸಿ, ಅಲ್ಲಿನ ಕಸ್ಟಮ್ಸ್ ಮುಗಿಸಿ ಮಾಲು ಒಯ್ಯಬಹುದು. ಬ್ಯಾಂಕಿನ ಕಪಾಟಿನಲ್ಲಿ ಮಲಗಿರುವ ಪ್ರತಿ ಅವರನ್ನು ತಡೆಯುವುದಿಲ್ಲ.

ಹಾಗಾಗಿ ದುಡ್ಡು ಬಾಕಿ ಇದ್ದರೆ ಕನ್‌ಸೈನಿ ಜಾಗದಲ್ಲಿ ಅಲ್ಲಿನ ಬ್ಯಾಂಕಿನ ಹೆಸರು ಬರಬೇಕು. ಕೊಳ್ಳುವವರ ಹೆಸರು, ಫೋನು ಹ್ಯಾಂಡ್ಲಿಂಗ್ ಇನ್ಫಾರ್ಮೇಶನ್ ಚೌಕದಲ್ಲಿ, ಇವರಿಗೂ ತಿಳಿಸಿ ಅಂತ. ಅವರು ದುಡ್ಡು ಕಟ್ಟಿದ ಮೇಲೆ ಬ್ಯಾಂಕು ಬಿಡುಗಡೆ ಪತ್ರ ಕೊಡುತ್ತೆ. ಆದರೆ ಬ್ಯಾಂಕನ್ನು ಮೊದಲೇ ಕೇಳಿ ಒಪ್ಪಿಸಿರಬೇಕು. ಕೇಳದೆ ಹೆಸರು ಹಾಕಿದರೆ ನಮಗೂ ಈ ಮಾಲಿಗೂ ಸಂಬಂಧವಿಲ್ಲ ಅಂತ ಬ್ಯಾಂಕು ಕೈ ತೊಳೆದುಕೊಳ್ಳಬಹುದು. ಆಗ ಬೊಂಬೆಗಳು ಫ್ರಾಂಕ್‌ಫರ್ಟಿನ ಗೋದಾಮಿನಲ್ಲಿ ಬಾಡಿಗೆ ಏರಿಸಿಕೊಂಡು ಕೂರುತ್ತವೆ.

ಅಣ್ಣ ಪೂರ್ತಿ ಕೇಳಿ ಸುಮ್ಮನಾದರು. ಆಮೇಲೆ ಮೆಲ್ಲಗೆ, "ಈ ಸಲ ಅವರ ಹೆಸರೇ ಹಾಕಿ ಕಳಿಸಿಬಿಟ್ಟಿದ್ದೀನಲ್ಲ" ಅಂದರು. ವಿಮಾನ ಆಗಲೇ ಹಾರಿತ್ತು. ಮಾಲು ಇನ್ನೂ ಕನ್‌ಸೈನಿ ಕೈಸೇರದಿದ್ದರೆ, ಕಳಿಸಿದವರಿಗೆ, ಅಂದರೆ ಶಿಪ್ಪರಿಗೆ, ತಮ್ಮ ಮೂಲ ಪ್ರತಿ ಹಿಡಿದು ಹೆಸರು ಬದಲಿಸಿ ಅಂತ ಕೇಳುವ ಹಕ್ಕಿದೆ. ಆ ನೀಲಿ ಪ್ರತಿ ತೆಗೆಯಿರಿ ಅಂದೆ. "ಅದನ್ನ ನಿನ್ನೆಯೇ ಬ್ಯಾಂಕಿಗೆ ಕೊಟ್ಟೆ" ಅಂದರು.

ಸೋಮವಾರ ಬೆಳಗ್ಗೆ ಹತ್ತಕ್ಕೆ ಇಬ್ಬರೂ ಬ್ಯಾಂಕಿನ ಬಾಗಿಲಲ್ಲಿರುತ್ತೇವೆ.