ಮೂರನೇ ಕ್ಯೂಬು

ಇವತ್ತು ಕಲಬುರಗಿಯ ನಮ್ಮ ಲ್ಯಾಬಿನಲ್ಲಿ ಎಂ25 ಕಾಂಕ್ರೀಟಿನ 28 ದಿನದ ರಿಪೋರ್ಟ್ ಬರೆಯುತ್ತಿದ್ದೆ. ಎಂ25 ಅಂದರೆ ಎರಕ ಹೊಯ್ದ 28 ದಿನಕ್ಕೆ ಚದರ ಮಿ.ಮೀ.ಗೆ 25 ನ್ಯೂಟನ್ ಒತ್ತಡ ತಾಳಬೇಕಾದ ಕಾಂಕ್ರೀಟು. 150 ಮಿ.ಮೀ.ನ ಮೂರು ಕ್ಯೂಬು, ಒಂದೇ ಮಿಕ್ಸು, ಒಂದೇ ತೊಟ್ಟಿಯಲ್ಲಿ ಕ್ಯೂರಿಂಗ್. ಎರಡು 652 ಮತ್ತು 640 ಕಿಲೋನ್ಯೂಟನ್‌ಗೆ ಒಡೆದವು, ಮೂರನೆಯದು 498ಕ್ಕೇ ಹೋಯಿತು. ಮುಖದ ವಿಸ್ತೀರ್ಣ 22,500 ಚದರ ಮಿ.ಮೀ.ಗೆ ಭಾಗಿಸಿದರೆ ಚದರ ಮಿ.ಮೀ.ಗೆ 29.0, 28.4, 22.1 ನ್ಯೂಟನ್. ಸರಾಸರಿ 26.5, ನೋಡೋಕೆ ಚೆನ್ನಾಗೇ ಇದೆ ಅಲ್ವಾ? ಆದರೆ ಆ 22.1 ಸರಾಸರಿಗಿಂತ ಶೇ. 16ಕ್ಕೂ ಜಾಸ್ತಿ ಕೆಳಗಿದೆ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ ವ್ಯತ್ಯಾಸ ಶೇ. 15 ದಾಟಿದರೆ ಇಡೀ ಸ್ಯಾಂಪಲ್ಲೇ ಲೆಕ್ಕಕ್ಕಿಲ್ಲ.

ಚೂರುಗಳನ್ನು ಎತ್ತಿ ನೋಡಿದೆ. ಮೊದಲೆರಡು ನಾಲ್ಕೂ ಬದಿ ಸಮನಾಗಿ ಸಿಪ್ಪೆ ಬಿಟ್ಟು, ನಡುವೆ ಡಮರುಗದ ಆಕಾರ ಉಳಿದಿತ್ತು. ಹಾಗೇ ಒಡೀಬೇಕು. ಮೂರನೆಯದರಲ್ಲಿ ಒಂದೇ ಬದಿ ಕಿತ್ತು ಬಂದಿದೆ, ಎದುರಿನ ಬದಿಗೆ ಒಂದು ಗೀರೂ ಇಲ್ಲ. ಪ್ಲೇಟಿಗೆ ತಾಗಿದ ಮುಖದಲ್ಲಿ ಕರಣೆ ಎಳೆದ ಗುರುತು ಇತ್ತು. ಎರಕ ಹೊಯ್ದಾಗ ಮೇಲಿದ್ದ ಆ ಒರಟು ಮುಖ ಮಷಿನ್ನಿನಲ್ಲಿ ಪಕ್ಕಕ್ಕೆ ಬರಬೇಕು, ಮೇಲಿಟ್ಟರೆ ಭಾರವೆಲ್ಲ ಉಬ್ಬಿದ ಕಡೆಗೇ ಬೀಳುತ್ತದೆ.

'ಒಂದೇ ಬದಿ ಒಡೆದಿದೆ, ಕರಣೆ ಮುಖ ಮೇಲಿತ್ತು, ಸ್ಯಾಂಪಲ್ ಅಮಾನ್ಯ' ಅಂತ ಬರೆದೆ. ಹಳೇ ರಿಪೋರ್ಟ್‌ಗಳಲ್ಲಿ ಆ ಕಾಲಂನಲ್ಲಿ ಬರೀ 'ಓಕೆ' ಇದೆ. ಅದರಲ್ಲಿ ಎಷ್ಟು ಹೀಗೆ ಒಡೆದಿದ್ದವೋ ಅಂತ ಸಂಜೆಯಿಂದ ತಲೆಯಲ್ಲಿ ಅದೇ ಓಡುತ್ತಿದೆ.