ಕಡಿಮೆ ಬಿದ್ದ 51,800 ರೂಪಾಯಿ ಮತ್ತು ‘ನೂರಕ್ಕೆ ಇಪ್ಪತ್ತು’

ತುಮಕೂರಿನ ಮಂಡಿಪೇಟೆ ಕಡೆಯ ಒಂದು ಪಾತ್ರೆ ಅಂಗಡಿಯ ಲೆಕ್ಕ ನಮ್ಮ ಆಫೀಸಿನಲ್ಲಿದೆ. ಬ್ಯಾಂಕಿನಲ್ಲಿ ಸ್ಟಾಕ್ ಆಧಾರದ ಸಿಸಿ ಸಾಲ ಇರುವುದರಿಂದ ತಿಂಗಳು ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್ ಹೋಗಲೇಬೇಕು. ಲೋಟ, ಚಮಚ, ತಪ್ಪಲೆ, ಡಬ್ಬಿ ಅಂತ ಸಾವಿರಾರು ಸಾಮಾನು ತುಂಬಿರುವ ಅಂಗಡಿಯಲ್ಲಿ ಪ್ರತಿ ತಿಂಗಳು ಎಣಿಸುತ್ತಾ ಕೂರುವವರು ಯಾರು? ಟ್ಯಾಲಿಯಲ್ಲಿ ಖರೀದಿ, ಬಿಕರಿ ಇದೆ, ಐಟಂವಾರು ಸ್ಟಾಕ್ ಇಲ್ಲ. ಹಾಗಾಗಿ ಜಿಪಿ, ಅಂದರೆ ಒಟ್ಟು ಲಾಭದ ಶೇಕಡಾ, ಹಾಕಿ ಸ್ಟಾಕ್ ತೆಗೆಯುತ್ತೇವೆ. ಆರಂಭದ ಸ್ಟಾಕಿಗೆ ಖರೀದಿ ಕೂಡಿಸಿ, ಮಾರಿ ಹೋದ ಮಾಲಿನ ಅಸಲನ್ನು ಕಳೆದರೆ ಉಳಿದದ್ದು ಅಂಗಡಿಯಲ್ಲಿ ಇರಬೇಕಾದ ಮಾಲು.

ಮಾರಿ ಹೋದ ಮಾಲಿನ ಅಸಲು ಎಷ್ಟು ಅಂತ ತಿಳಿಯಲು ಲಾಭದ ಶೇಕಡಾ ಬೇಕು. ಸಾಹುಕಾರರನ್ನು ಫೋನಿನಲ್ಲಿ ಕೇಳಿದ್ದೆ. ‘ನಾವು ನೂರಕ್ಕೆ ಇಪ್ಪತ್ತು ಇಟ್ಕೊಂಡು ಮಾರ್ತೀವಿ ಸಾರ್’ ಅಂದರು. ನಮ್ಮ ಶೀಟಿನಲ್ಲಿ ‘ಜಿಪಿ %’ ಅಂತ ಒಂದು ಮನೆ ಇದೆ, ಅದರಲ್ಲಿ 20% ಅಂತ ತುಂಬಿದೆ. ಯಾವುದರ ಮೇಲೆ ಇಪ್ಪತ್ತು ಅಂತ ಆ ಶೀಟಿನಲ್ಲಿ ಎಲ್ಲೂ ಬರೆದಿಲ್ಲ. ಅದನ್ನು ಮಾಡಿದವರು ಕೆಲಸ ಬಿಟ್ಟು ಎಷ್ಟೋ ವರ್ಷವಾಯಿತು. ಕೇಳಬೇಕಿದ್ದವನು ನಾನು, ಕೇಳಲಿಲ್ಲ.

ಏಪ್ರಿಲ್ 1ರಂದು ಎಣಿಸಿದ ಸ್ಟಾಕ್ 6,00,000 ರೂಪಾಯಿ. ಮೂರು ತಿಂಗಳ ಖರೀದಿ, ಬೆಂಗಳೂರಿನಿಂದ ಬರುವ ಲಾರಿ ಬಾಡಿಗೆ ಮತ್ತು ಹಮಾಲಿ ಸೇರಿ, 11,50,000. ಬಿಕರಿ ಏಪ್ರಿಲ್‌ನಲ್ಲಿ 4,20,000, ಮೇ ತಿಂಗಳಲ್ಲಿ 4,80,000, ಜೂನ್‌ನಲ್ಲಿ 5,40,000, ಒಟ್ಟು 14,40,000. ಎಲ್ಲವೂ ಜಿಎಸ್‌ಟಿ ಬಿಟ್ಟು. ಶೀಟಿನ ಸೂತ್ರ ಹೀಗಿತ್ತು, ಬಿ1ರಲ್ಲಿ ಆರಂಭದ ಸ್ಟಾಕ್, ಬಿ2ರಲ್ಲಿ ಖರೀದಿ, ಬಿ3ರಲ್ಲಿ ಬಿಕರಿ, ಬಿ4ರಲ್ಲಿ ಶೇಕಡಾ:

```
=B1+B2-B3*(1-B4)
```

ಬಿಕರಿಯಲ್ಲಿ ಇಪ್ಪತ್ತು ಭಾಗ ಲಾಭ, ಎಂಬತ್ತು ಭಾಗ ಅಸಲು ಅಂತ ಇದರ ಅರ್ಥ. 14,40,000ದ ಎಂಬತ್ತು ಭಾಗ 11,52,000. ಅಂಗಡಿಯಲ್ಲಿ ಇರಬೇಕಾದ ಮಾಲು 5,98,000.

ಜೂನ್ ಕೊನೆಗೆ ಭಾನುವಾರ ಮಧ್ಯಾಹ್ನ ಷಟರ್ ಅರ್ಧ ಎಳೆದು ಎಣಿಕೆ ಮುಗಿಸಿದೆವು. ಸಿಕ್ಕಿದ್ದು 5,46,200. ಅಂದರೆ 51,800 ರೂಪಾಯಿ ಮಾಲು ಇಲ್ಲ! ಅಂಗಡಿಯಲ್ಲಿ ಇರುವವನು ಒಬ್ಬನೇ ಹುಡುಗ. ಸಾಹುಕಾರರು ಅವನ ಮುಖ ನೋಡಿದರು, ಅವನು ನನ್ನ ಲ್ಯಾಪ್‌ಟಾಪ್ ನೋಡಿದ. ‘ಅಣ್ಣ, ಒಂದು ಚಮಚಾನೂ ನಾನು ಮನೆಗೆ ತಗೊಂಡೋಗಿಲ್ಲ’ ಅಂದ. ನಾನು ಏನು ಮಾಡಿದೆ ಅಂದರೆ, ಅಟ್ಟದ ಮೇಲಿನ ಮೂಟೆಗಳನ್ನು ಇನ್ನೊಮ್ಮೆ ಎಣಿಸೋಣ ಅಂದೆ. ಒಂದೂವರೆ ಗಂಟೆ ಎಲ್ಲರೂ ಧೂಳು ಕುಡಿದೆವು. ಎಣಿಕೆ ಸರಿಯಾಗಿಯೇ ಇತ್ತು. ಅಷ್ಟು ಹೊತ್ತೂ ಎಣಿಕೆಯನ್ನು ಅನುಮಾನಿಸಿದೆ, ಹುಡುಗನನ್ನೂ ಒಳಗೊಳಗೇ ಅನುಮಾನಿಸಿದೆ. ನಾನೇ ತುಂಬಿದ ಇಪ್ಪತ್ತನ್ನು ಮಾತ್ರ ಅನುಮಾನಿಸಲಿಲ್ಲ.

ಗುಟ್ಟು ಹೊರಬಿದ್ದದ್ದು ಒಂದು ತಪ್ಪಲೆಯಿಂದ. ಪಾತ್ರೆ ಅಂಗಡಿಗಳಲ್ಲಿ ಚೀಟಿಯ ಮೇಲೆ ಮಾರುವ ಬೆಲೆಯ ಜೊತೆಗೆ ಅಸಲನ್ನು ಗುಟ್ಟಿನ ಅಕ್ಷರಗಳಲ್ಲಿ ಬರೆದಿರುತ್ತಾರೆ. ಸಾಹುಕಾರರು ಒಂದನ್ನು ಎತ್ತಿ ‘ಇದು ಐನೂರಕ್ಕೆ ತಂದಿದ್ದು, ಆರುನೂರು ಹಾಕಿದೀವಿ, ನೂರಕ್ಕೆ ಇಪ್ಪತ್ತು, ಸರಿ ತಾನೇ?’ ಅಂದರು. ಐನೂರಕ್ಕೆ ನೂರು ಇಪ್ಪತ್ತೇ, ನಿಜ. ಆದರೆ ಆರುನೂರರಲ್ಲಿ ನೂರು ಅಂದರೆ ಹದಿನಾರೂ ಮುಕ್ಕಾಲಿನ ಹತ್ತಿರ, 16.67. ನನ್ನ ಶೀಟು ಆರುನೂರರಲ್ಲಿ 120 ಲಾಭ ಅಂತ ಹಿಡಿದುಕೊಂಡು, ಅಸಲನ್ನು 480 ಮಾಡಿಕೊಂಡಿತ್ತು. 480ಕ್ಕೆ ಆ ತಪ್ಪಲೆಯನ್ನು ಅವರಿಗೆ ಯಾರೂ ಕೊಟ್ಟಿಲ್ಲ.

ಸಾಹುಕಾರರು ಹೇಳಿದ್ದು ಅಸಲಿನ ಮೇಲಿನ ಲಾಭ. ಶಾಲೆಯ ಪುಸ್ತಕದಲ್ಲೂ ಲಾಭ, ನಷ್ಟದ ಶೇಕಡಾ ಅಂದರೆ ಕೊಂಡ ಬೆಲೆಯ ಮೇಲೆಯೇ. ನಮ್ಮ ಆಫೀಸಿನ ಜಿಪಿ ಮಾತ್ರ ಬಿಕರಿಯ ಮೇಲೆ, ಏಕೆಂದರೆ ನಮ್ಮ ಕೈಯಲ್ಲಿರುವುದು ಬಿಕರಿಯ ಮೊತ್ತ. ಎರಡೂ ಸರಿ, ಒಂದರ ಅಂಕಿಯನ್ನು ಇನ್ನೊಂದರ ಮನೆಯಲ್ಲಿ ತುಂಬಿದ್ದೇ ತಪ್ಪು. ಸರಿಯಾದ ಸೂತ್ರ:

```
=B1+B2-B3/(1+B4)
```

14,40,000ವನ್ನು 1.2ರಿಂದ ಭಾಗಿಸಿದರೆ ಅಸಲು 12,00,000. ಇರಬೇಕಾದ ಮಾಲು 5,50,000. ಕಡಿಮೆ ಬಿದ್ದದ್ದು 51,800 ಅಲ್ಲ, 3,800. ಉಳಿದ 48,000 ರೂಪಾಯಿ ಮಾಲು ಯಾವತ್ತೂ ಇರಲೇ ಇಲ್ಲ.

ಈ 48,000 ಎಲ್ಲಿಂದ ಬಂತು ಅಂತ ಬಾಯಿಲೆಕ್ಕದಲ್ಲೇ ಹಿಡಿಯಬಹುದು. ಇಪ್ಪತ್ತು ಅಂದರೆ ಐದರಲ್ಲಿ ಒಂದು ಪಾಲು. ಅಸಲು ಐದು ಪಾಲು, ಲಾಭ ಒಂದು ಪಾಲು ಆದರೆ ಬಿಕರಿ ಆರು ಪಾಲು. ಅಸಲಿನ ಐದನೇ ಒಂದು ಬಿಕರಿಯ ಆರನೇ ಒಂದಾಗುತ್ತದೆ. ಕೆಳಗಿನ ಅಂಕಿಗೆ ಒಂದು ಕೂಡಿಸಿದರೆ ಸಾಕು. ಬಿಕರಿಯಿಂದ ಅಸಲಿಗೆ ಬರುವಾಗ ಒಂದು ಕಳೆಯಬೇಕು. ಬಿಕರಿಯ ಮೇಲೆ ಐದನೇ ಒಂದು ಬೇಕು ಅಂದರೆ ಅಸಲಿನ ಮೇಲೆ ನಾಲ್ಕನೇ ಒಂದು, ಅಂದರೆ ಇಪ್ಪತ್ತೈದು ಇಡಬೇಕು. ಐನೂರರ ತಪ್ಪಲೆಗೆ 625. ನಷ್ಟದಲ್ಲಿ ಇದು ತಿರುಗುಮುರುಗು: ಸೊಟ್ಟಗಾದ ಐನೂರರ ಪಾತ್ರೆಯನ್ನು ನಾನೂರಕ್ಕೆ ಕೊಟ್ಟರೆ ಅಸಲಿನ ಮೇಲೆ ಇಪ್ಪತ್ತು, ಮಾರಿದ ಬೆಲೆಯ ಮೇಲೆ ಇಪ್ಪತ್ತೈದು.

ಐದನೇ ಒಂದರಲ್ಲಿ ಆರನೇ ಒಂದು ಕಳೆದರೆ ಮೂವತ್ತನೇ ಒಂದು. ನನ್ನ ತಪ್ಪು ಪ್ರತಿ ಬಿಕರಿಯ ಮೂವತ್ತನೇ ಒಂದು ಭಾಗವನ್ನು ಇಲ್ಲದ ಸ್ಟಾಕ್ ಮಾಡಿ ತೋರಿಸಿದೆ: ಏಪ್ರಿಲ್‌ನಲ್ಲಿ 14,000, ಮೇನಲ್ಲಿ 16,000, ಜೂನ್‌ನಲ್ಲಿ 18,000. ಒಂದು ತಿಂಗಳ ಕೊನೆಯ ಸ್ಟಾಕ್ ಮುಂದಿನ ತಿಂಗಳ ಆರಂಭದ ಸ್ಟಾಕ್ ಆಗುವುದರಿಂದ ತಪ್ಪು ಗುಡ್ಡೆಯಾಗುತ್ತಾ ಹೋಗುತ್ತದೆ. ಬ್ಯಾಂಕಿಗೂ ಅದೇ ಹೋಗಿದೆ. ಸ್ಟಾಕಿನಲ್ಲಿ ಶೇ. 25 ಮಾರ್ಜಿನ್ ಬಿಟ್ಟು ಡಿಪಿ, ಅಂದರೆ ಎಷ್ಟು ಸಾಲ ಎತ್ತಬಹುದು ಅನ್ನುವ ಮಿತಿ, ತೆಗೆಯುವ ಖಾತೆ ಇದು, ಹಾಗಾಗಿ ಜೂನ್ ಹೊತ್ತಿಗೆ ಇಲ್ಲದ ಮಾಲಿನ ಮೇಲೆ 36,000 ಡಿಪಿ ತೋರಿಸಿದ್ದೆವು.

ಇದನ್ನು ಪತ್ತೆ ಮಾಡುವ ದಾರಿಯೂ ಇಲ್ಲೇ ಇದೆ. ಕಡಿಮೆ ಬಿದ್ದ ಮೊತ್ತವನ್ನು ಬಿಕರಿಯಿಂದ ಭಾಗಿಸಿ. 51,800 ಅಂದರೆ ಬಿಕರಿಯ ಶೇ. 3.6. ಅಸಲಿನ ಇಪ್ಪತ್ತನ್ನು ಬಿಕರಿಯ ಇಪ್ಪತ್ತು ಅಂದುಕೊಂಡರೆ ಬರುವ ವ್ಯತ್ಯಾಸ ಶೇ. 3.33. ಇಷ್ಟು ಹತ್ತಿರ ಬಂದರೆ ಮೊದಲು ಶೇಕಡಾ ನೋಡಬೇಕು, ಆಮೇಲೆ ಹುಡುಗನ ಚೀಲ. ಕಳ್ಳತನ ಬಿಕರಿಯ ಲೆಕ್ಕ ನೋಡಿಕೊಂಡು ಏರುವುದಿಲ್ಲ. ಇಪ್ಪತ್ತೈದು ಇಡುವ ಅಂಗಡಿಯಲ್ಲಿ ವ್ಯತ್ಯಾಸ ಐದು ಆಗುತ್ತದೆ, ಐವತ್ತು ಇಡುವ ಫ್ಯಾನ್ಸಿ ಅಂಗಡಿಯಲ್ಲಿ 16.67. ಹತ್ತು ಇಡುವಲ್ಲಿ ಒಂದಕ್ಕಿಂತಲೂ ಕಡಿಮೆ, 0.91. ಲಾಭ ತೆಳ್ಳಗಿರುವ ದಿನಸಿ ಅಂಗಡಿಗಳ ಲೆಕ್ಕದಲ್ಲಿ ಈ ತಪ್ಪು ವರ್ಷಗಟ್ಟಲೆ ಸದ್ದಿಲ್ಲದೆ ಕೂತಿರುವುದು ಇದಕ್ಕೇ.

ಎಣಿಕೆಯಲ್ಲೂ ಇದೇ ತಪ್ಪು ನುಸುಳಬಹುದು. ಗುಟ್ಟಿನ ಅಕ್ಷರ ಅಳಿಸಿಹೋಗಿದ್ದರೆ ಚೀಟಿಯ ಬೆಲೆಯಿಂದ ಇಪ್ಪತ್ತು ಭಾಗ ಕಳೆದು ಅಸಲು ಬರೆದುಕೊಳ್ಳುವವರಿದ್ದಾರೆ. ಆರುನೂರಕ್ಕೆ 480 ಬರುತ್ತದೆ, ಐನೂರು ಬರುವುದಿಲ್ಲ, ಎಣಿಕೆ ಶೇ. 4 ಕಡಿಮೆ ತೋರಿಸುತ್ತದೆ. ಅಲ್ಲೂ 1.2ರಿಂದ ಭಾಗಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಸಾಹುಕಾರರು ಸುಮ್ಮನೆ ಕೂತರು. ಅವರ ಲೆಕ್ಕ ಬೇರೆಯೇ ಓಡುತ್ತಿತ್ತು. ಗಲ್ಲಾದಲ್ಲಿ ದಿನಕ್ಕೆ ಸರಾಸರಿ 16,000 ಬಿಕರಿ, ‘ನೂರಕ್ಕೆ ಇಪ್ಪತ್ತು ನಮ್ಮದು’ ಅಂತ 3,200 ತೆಗೆದು ಬಾಡಿಗೆ, ಸಂಬಳ, ಮನೆ ಖರ್ಚಿಗೆ ಇಡುತ್ತಿದ್ದರು. 16,000ದಲ್ಲಿ ನಿಜವಾದ ಲಾಭ ಆರನೇ ಒಂದು, 2,667. ದಿನಕ್ಕೆ 533 ರೂಪಾಯಿ ಅಸಲಿನಿಂದ ಹೋಗುತ್ತಿತ್ತು, ಮೂವತ್ತು ದಿನಕ್ಕೆ 16,000. ಬೆಂಗಳೂರಿನ ಹೋಲ್‌ಸೇಲಿನವರಿಗೆ ಪ್ರತಿ ತಿಂಗಳು ಒಂದಿಷ್ಟು ಬಾಕಿ ಉಳಿಯುತ್ತಿದ್ದದ್ದು ಯಾಕೆ ಅಂತ ಅವರಿಗೂ ಅಲ್ಲಿಯವರೆಗೆ ತಿಳಿದಿರಲಿಲ್ಲ. ನಾನು ಶೀಟಿನಲ್ಲಿ ಮಾಡಿದ್ದನ್ನೇ ಅವರು ಗಲ್ಲಾದಲ್ಲಿ ಮಾಡಿದ್ದರು. ವ್ಯತ್ಯಾಸ ಇಷ್ಟೇ, ನನ್ನದು ಕಾಗದದ ಮಾಲು, ಅವರದು ನಿಜವಾದ ದುಡ್ಡು.

‘ಹಂಗಾದ್ರೆ ಗೌರಿ ಹಬ್ಬಕ್ಕೆ ಇಪ್ಪತ್ತು ಪರ್ಸೆಂಟ್ ಡಿಸ್ಕೌಂಟ್ ಬೋರ್ಡು?’ ಅಂತ ಅವರೇ ಕೇಳಿದರು. ಹಳೆ ಮಾಲು ಖಾಲಿ ಮಾಡಲು ಲಾಭ ಬಿಟ್ಟು ಅಸಲಿಗೆ ಕೊಡೋಣ ಅಂತ ಅವರ ಯೋಚನೆ. ಡಿಸ್ಕೌಂಟ್ ಯಾವಾಗಲೂ ಮಾರುವ ಬೆಲೆಯ ಮೇಲೆ. ಆರುನೂರರಲ್ಲಿ ಇಪ್ಪತ್ತು ಭಾಗ 120, ಕೈಗೆ 480, ತಪ್ಪಲೆಗೆ ಇಪ್ಪತ್ತು ರೂಪಾಯಿ ಕೈಯಿಂದ. ಅಸಲಿಗೆ ಕೊಡಬೇಕು ಅಂದರೆ ಹದಿನಾರೂವರೆ ದಾಟಬಾರದು. ಗುಬ್ಬಿ, ಕೊರಟಗೆರೆ ಕಡೆಯಿಂದ ಮದುವೆ ಸಾಮಾನಿಗೆ ಬಂದವರು ‘ನೂರಕ್ಕೆ ಹತ್ತು ಬಿಡಿ’ ಅಂದಾಗಲೂ ಇದೇ ಕಥೆ. ಆರುನೂರರಲ್ಲಿ ಅರವತ್ತು ಬಿಟ್ಟರೆ 540. ಇಪ್ಪತ್ತರಲ್ಲಿ ಹತ್ತು ಉಳಿಯಿತು ಅಂತ ಅನ್ನಿಸುತ್ತದೆ, ಉಳಿಯುವುದು ಅಸಲಿನ ಮೇಲೆ ಎಂಟು. ಅದರಲ್ಲೇ ಬಾಡಿಗೆ, ಸಂಬಳ, ಕರೆಂಟು.

ಜಿಎಸ್‌ಟಿ ಬಗ್ಗೆ ಒಂದು ಮಾತು. ಈ ಅಂಗಡಿ ರೆಗ್ಯುಲರ್, ಖರೀದಿಯ ತೆರಿಗೆ ಇನ್‌ಪುಟ್ ಆಗಿ ವಾಪಸ್ ಸಿಗುತ್ತದೆ, ಆದ್ದರಿಂದ ಖರೀದಿ, ಬಿಕರಿ ಎರಡರಲ್ಲೂ ತೆರಿಗೆ ಬಿಟ್ಟು ಲೆಕ್ಕ. ಸಣ್ಣ ವ್ಯಾಪಾರಿಗಳ ಕಾಂಪೋಸಿಷನ್ ಸ್ಕೀಮಿನಲ್ಲಿರುವವರಿಗೆ ಖರೀದಿಯ ತೆರಿಗೆ ವಾಪಸ್ ಬರುವುದಿಲ್ಲ, ಅದು ಅಸಲಿನ ಭಾಗ. ಬಿಕರಿಯ ಮೇಲಿನ ಶೇ. 1 ತೆರಿಗೆಯನ್ನೂ ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ, ಲಾಭದಿಂದಲೇ ಕಟ್ಟಬೇಕು. ಅಂಥವರ ‘ಇಪ್ಪತ್ತು’ ಇನ್ನೂ ಇಳಿಯುತ್ತದೆ.

ಈಗ ಯಾರನ್ನೂ ‘ಲಾಭ ಎಷ್ಟು ಪರ್ಸೆಂಟ್’ ಅಂತ ಕೇಳುವುದಿಲ್ಲ. ‘ನೂರು ರೂಪಾಯಿಗೆ ತಂದದ್ದನ್ನು ಎಷ್ಟಕ್ಕೆ ಮಾರ್ತೀರಿ’ ಅಂತ ಕೇಳುತ್ತೇನೆ. 120 ಅಂದರೆ ಅಸಲಿನ ಮೇಲೆ, 125 ಅಂದರೆ ಬಿಕರಿಯ ಮೇಲೆ ಇಪ್ಪತ್ತು. ಆಮೇಲೆ ನಾಲ್ಕೈದು ಬಿಲ್ ತೆಗೆದು ನೋಡುತ್ತೇನೆ, ಏಕೆಂದರೆ ಬಾಯಲ್ಲಿ 120 ಅಂದವರು ಚೌಕಾಸಿಯಲ್ಲಿ 115ಕ್ಕೆ ಇಳಿದಿರುತ್ತಾರೆ. ಶೀಟಿನ ಆ ಮನೆಯ ಹೆಸರು ‘ಅಸಲಿನ ಮೇಲೆ %’ ಅಂತ ಬದಲಾಯಿತು. ಅದಕ್ಕೂ ಸೀನಿಯರ್ ಒಪ್ಪಿಗೆ ಸಿಗಲು ಎರಡು ವಾರ ಬೇಕಾಯಿತು, ‘ಎಲ್ಲರಿಗೂ ಗೊತ್ತಿರೋದೇ ಅಲ್ವಾ’ ಅಂತ. ಬ್ಯಾಂಕಿಗೆ ಮೂರೂ ತಿಂಗಳ ಸ್ಟೇಟ್‌ಮೆಂಟ್ ತಿದ್ದಿ ಕೊಟ್ಟೆವು.

ಉಳಿದ 3,800ರಲ್ಲಿ 2,600ರ ಲೆಕ್ಕವನ್ನು ಆ ಹುಡುಗನೇ ಹುಡುಕಿಕೊಟ್ಟ. ಮದುವೆ ಮನೆಯೊಂದಕ್ಕೆ ‘ನೋಡಿ ಇಟ್ಕೊಳ್ಳಿ, ಬೇಡದ್ದು ವಾಪಸ್ ಕೊಡಿ’ ಅಂತ ಬಿಲ್ ಇಲ್ಲದೆ ಕಳಿಸಿದ್ದ ಎರಡು ಕೊಳಗ. ಕಳಿಸಿದ್ದು ಸಾಹುಕಾರರೇ.